650 ಪದಗಳಲ್ಲಿ ಒಬ್ಬ ಈಜುಗಾರ್ತಿ

ಬೆಂಗಳೂರಿನ ಈಜುಕೊಳಗಳಲ್ಲಿ ಬೆಳಿಗ್ಗೆ ಐದೂಕಾಲಿಗೆ ನೀರಿಗಿಳಿಯುವ ಮಕ್ಕಳಲ್ಲಿ ಕೆಲವರು ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಅಮೆರಿಕದ ಕಾಲೇಜುಗಳ ಕಡೆ ನೋಡಲು ಶುರುಮಾಡುತ್ತಾರೆ. ಅಲ್ಲಿನ ಕೋಚ್‌ಗಳಿಗೆ ಇಮೇಲ್ ಹೋಗುತ್ತದೆ. ಯಾವ ಸ್ಪರ್ಧೆಯಲ್ಲಿ ಎಷ್ಟು ಸೆಕೆಂಡು, ಯಾವ ಕೂಟದಲ್ಲಿ ಎಷ್ಟನೇ ಸ್ಥಾನ ಎಂಬ ಪಟ್ಟಿ ಹೋಗುತ್ತದೆ. ನಮ್ಮ 50 ಮೀಟರ್ ಕೊಳದ ಸಮಯವನ್ನು ಅವರ 25 ಗಜದ ಕೊಳದ ಲೆಕ್ಕಕ್ಕೆ ಬದಲಿಸಿಕೊಂಡು ನೋಡುವುದು ಅವರಿಗೆ ದಿನನಿತ್ಯದ ಕೆಲಸ. ಇಷ್ಟರವರೆಗೆ ಮಕ್ಕಳಿಗೂ ಅಪ್ಪ ಅಮ್ಮನಿಗೂ ದಾರಿ ಸ್ಪಷ್ಟವಾಗಿರುತ್ತದೆ. ಆಮೇಲೆ ಅರ್ಜಿಯಲ್ಲಿ ಒಂದು ಖಾಲಿ ಪುಟ ಬರುತ್ತದೆ: ನಿಮ್ಮ ಬಗ್ಗೆ 650 ಪದ ಮೀರದಂತೆ ಬರೆಯಿರಿ. ಹತ್ತು ವರ್ಷ ಈಜು ಕಲಿತ ಮಗುವಿಗೆ ಈ ಪುಟಕ್ಕೆ ಯಾರೂ ತರಬೇತಿ ಕೊಟ್ಟಿರುವುದಿಲ್ಲ.

ಆ ಪುಟದಲ್ಲಿ ಮೂರು ವಿಷಯಗಳು ಒಟ್ಟಿಗೆ ನಿಲ್ಲಬೇಕು. ಕ್ರೀಡೆಗೆ ಕೊಡುವ ಸಮಯ ನಿಜವಾದದ್ದು ಎಂದು ಕಾಣಬೇಕು. ಓದು ಬರೀ ಪಾಸಾಗುವುದಕ್ಕೆ ಅಲ್ಲ ಎಂದು ಕಾಣಬೇಕು. ಈಜು ನಿಂತ ಮೇಲೆ ಈ ವ್ಯಕ್ತಿ ಏನು ಮಾಡುತ್ತಾಳೆ ಎಂಬುದಕ್ಕೂ ಒಂದು ಉತ್ತರ ಇರಬೇಕು. ಹೆಚ್ಚಿನವರು ಮೂರಕ್ಕೂ ಒಂದೊಂದು ಪ್ಯಾರಾ ಕೊಟ್ಟು ಮುಗಿಸುತ್ತಾರೆ. ಅಂಥ ಪ್ರಬಂಧ ಕೆಡುವುದು ಅಲ್ಲೇ. ಮೂರು ಪ್ಯಾರಾಗಳನ್ನೂ ಬಿಡಿಸಿ ಬೇರೆ ಬೇರೆ ಮಕ್ಕಳ ಅರ್ಜಿಗೆ ಅಂಟಿಸಿದರೂ ನಡೆಯುತ್ತದೆ ಎಂದಾದರೆ ಆ ಪ್ರಬಂಧ ಯಾರದ್ದೂ ಅಲ್ಲ.

ಬರೆಯುವ ಮೊದಲು, ಇದನ್ನು ಓದುವವರು ಯಾರು ಎಂದು ತಿಳಿದಿರಬೇಕು. ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ಎನ್‌ಸಿಎಎ ಎಂಬ ಸಂಸ್ಥೆ ನಡೆಸುತ್ತದೆ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಮೊದಲ ಎರಡು ಡಿವಿಷನ್‌ಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಉಂಟು; ಯಾರಿಗೆ ಎಷ್ಟು ಎಂದು ನಿರ್ಧರಿಸುವವರು ಕೋಚ್. ಅವರು ನೋಡುವುದು ಸಮಯವನ್ನು, ಪ್ರಬಂಧವನ್ನಲ್ಲ. ಮೂರನೇ ಡಿವಿಷನ್‌ನಲ್ಲಿ ಕ್ರೀಡೆಯ ಹೆಸರಿನಲ್ಲಿ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಸೇರಿದಂತೆ ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು ಮೊದಲ ಡಿವಿಷನ್‌ನಲ್ಲೇ ಆಡಿದರೂ ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ; ಅಲ್ಲಿರುವುದು ಕುಟುಂಬದ ಆದಾಯ ನೋಡಿ ಕೊಡುವ ನೆರವು. 1960ರ ದಶಕದಲ್ಲಿ ಬಾಸ್ಕೆಟ್‌ಬಾಲ್ ತಾರೆ ಬಿಲ್ ಬ್ರಾಡ್ಲಿ ಬೇರೆ ಕಡೆಯ ಕ್ರೀಡಾ ವಿದ್ಯಾರ್ಥಿವೇತನ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋದದ್ದು ಅಮೆರಿಕದಲ್ಲಿ ಇಂದಿಗೂ ಹೇಳುವ ಕಥೆ. ಅವರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್‌ಗೆ ಹೋದರು, ವೃತ್ತಿಪರ ಆಟ ಆಡಿದರು, ಮುಂದೆ ಸೆನೆಟರ್ ಆದರು.

ಹಾಗಾದರೆ ಮೊದಲ ಡಿವಿಷನ್ನಿನ ಈಜುಗಾರ್ತಿಗೆ ಪ್ರಬಂಧ ಬೇಡವೇ? ಬೇಕು. ಅದಕ್ಕೆ ಕಾರಣ ದುಡ್ಡಿನ ಲೆಕ್ಕದಲ್ಲಿದೆ. 2024–25ರವರೆಗೆ ಮೊದಲ ಡಿವಿಷನ್ನಿನ ಒಂದು ಪುರುಷರ ಈಜು ತಂಡಕ್ಕೆ ಒಟ್ಟು 9.9 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಇತ್ತು, ಮಹಿಳೆಯರ ತಂಡಕ್ಕೆ 14. ಕೋಚ್ ಇದನ್ನು ಚೂರು ಚೂರು ಮಾಡಿ ಹಂಚುತ್ತಿದ್ದರು. ತಂಡದಲ್ಲಿ ಮೂವತ್ತು ಹುಡುಗರಿದ್ದರೆ ಸರಾಸರಿ ಒಬ್ಬನಿಗೆ ಸಿಗುವುದು ಖರ್ಚಿನ ಮೂರನೇ ಒಂದು ಭಾಗ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಈ ಮಿತಿ ಹೋಗಿ ತಂಡದಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿ ಬಂದಿದೆ. ಮಿತಿ ಹೋಯಿತೆಂದು ಕೋಚ್ ಕೈಯಲ್ಲಿರುವ ದುಡ್ಡು ಹೆಚ್ಚಾಗುವುದಿಲ್ಲ. ಉಳಿದ ಭಾಗವನ್ನು ತುಂಬುವುದು ವಿಶ್ವವಿದ್ಯಾಲಯ ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನ. ಅದರ ಸಮಿತಿಯಲ್ಲಿ ಕುಳಿತವರಿಗೆ 200 ಮೀಟರ್ ಬಟರ್‌ಫ್ಲೈಯಲ್ಲಿ ಒಳ್ಳೆಯ ಸಮಯ ಯಾವುದು ಎಂದು ಗೊತ್ತಿರಬೇಕೆಂದೇನೂ ಇಲ್ಲ. ಅವರು ಓದುವುದು ಅಂಕಪಟ್ಟಿ, ಶಿಕ್ಷಕರ ಪತ್ರ, ಮತ್ತು ಈ 650 ಪದ.

ಇನ್ನೊಂದು ವಿಷಯವನ್ನು ಮಕ್ಕಳು ಗಮನಿಸುವುದಿಲ್ಲ. ನೂರಾರು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಪ್ರಬಂಧಕ್ಕೂ ಮೊದಲೇ ಚಟುವಟಿಕೆಗಳ ಪಟ್ಟಿ ಇದೆ. ಹತ್ತು ಚಟುವಟಿಕೆಗಳಿಗೆ ಜಾಗ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬ ಅಂಕಣಗಳು. ಅಂದರೆ ಎಷ್ಟು ಹೊತ್ತು ಈಜುತ್ತಾಳೆ, ಯಾವ ಪದಕ ಬಂತು ಎಂಬುದೆಲ್ಲ ಅಲ್ಲಿ ಬಂದುಬಿಟ್ಟಿದೆ. ಪ್ರಬಂಧದಲ್ಲಿ ಅದನ್ನೇ ಮತ್ತೆ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಅಂಕಪಟ್ಟಿಯೂ ಸ್ಪರ್ಧೆಯ ಸಮಯವೂ ಹೇಳಲಾಗದ್ದನ್ನು ಹೇಳುವುದಷ್ಟೇ ಪ್ರಬಂಧದ ಕೆಲಸ.

ಅದು ಹೇಗೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಒಬ್ಬ ಹುಡುಗಿ, ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ, ಬಟರ್‌ಫ್ಲೈ ಈಜುವವಳು. ಬೆಳಿಗ್ಗೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ, ಸಂಜೆ ಎರಡು ಗಂಟೆಯಂತೆ ನಾಲ್ಕು ದಿನ, ನೀರಿನ ಹೊರಗಿನ ಕಸರತ್ತು ಎರಡು ಗಂಟೆ. ಒಟ್ಟು 22 ಗಂಟೆ. ಅವಳ ಮೊದಲ ಕರಡು ಹೀಗಿದೆ ಎಂದಿಟ್ಟುಕೊಳ್ಳಿ:

“ಈಜು ನನಗೆ ಶಿಸ್ತು, ಸಮಯಪಾಲನೆ ಮತ್ತು ಛಲವನ್ನು ಕಲಿಸಿದೆ. ಪ್ರಥಮ ಪಿಯುಸಿಯಲ್ಲಿ ಭುಜದ ನೋವಿನಿಂದ ಎರಡು ತಿಂಗಳು ಕೊಳದಿಂದ ದೂರ ಉಳಿದೆ. ಆದರೆ ನಾನು ಸೋಲೊಪ್ಪಲಿಲ್ಲ. ಓದು ಮತ್ತು ಕ್ರೀಡೆ ಎರಡನ್ನೂ ಸರಿದೂಗಿಸುವುದು ಕಷ್ಟವಾದರೂ ನಾನು ಎರಡರಲ್ಲೂ ಯಶಸ್ವಿಯಾಗಿದ್ದೇನೆ. ಮುಂದೆ ಎಂಜಿನಿಯರ್ ಆಗಿ ಸಮಾಜಕ್ಕೆ ಸೇವೆ ಸಲ್ಲಿಸುವ ಆಸೆ ನನಗಿದೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಇದು ನಿಲ್ಲುವುದಿಲ್ಲ. ಭುಜದ ನೋವು ಈಜುಗಾರರಿಗೆ ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ಈಜುಗಾರರ ಭುಜ ಎಂದೇ ಹೆಸರಿಟ್ಟಿದ್ದಾರೆ. ಪ್ರವೇಶ ಕಚೇರಿಯವರಿಗೆ ಗಾಯಗೊಂಡು ಮರಳಿ ಬಂದ ಕಥೆ ಪ್ರತಿ ಕ್ರೀಡೆಯಿಂದಲೂ ಬರುತ್ತದೆ. ನೋವು ದೊಡ್ಡದೇ ಆಗಿದ್ದಿರಬಹುದು, ಆದರೆ ಆ ಕಥೆಯಿಂದ ಈ ಹುಡುಗಿಯ ಗುರುತು ಸಿಗುವುದಿಲ್ಲ. “ಎರಡನ್ನೂ ಸರಿದೂಗಿಸಿದೆ” ಎಂಬ ಮಾತಿಗೆ ಪುರಾವೆ ಇಲ್ಲ. ಕೊನೆಯ ವಾಕ್ಯದ ಎಂಜಿನಿಯರ್‌ಗೂ ಮೊದಲ ವಾಕ್ಯದ ಈಜಿಗೂ ಯಾವ ಸಂಬಂಧವೂ ಇಲ್ಲ. ಎಂಜಿನಿಯರ್ ಇದ್ದ ಕಡೆ ವೈದ್ಯೆ ಎಂದು ಬರೆದರೂ ಪ್ರಬಂಧದ ಬೇರೆ ಒಂದು ಪದವನ್ನೂ ಬದಲಿಸಬೇಕಾಗಿಲ್ಲ. ಕರಡನ್ನು ಪರೀಕ್ಷಿಸಲು ಇದು ಒಳ್ಳೆಯ ಉಪಾಯ. ಮುಂದಿನ ಯೋಜನೆಯ ಪದವನ್ನು ಬದಲಿಸಿ ನೋಡಿ. ಮೇಲಿನದೆಲ್ಲ ಹಾಗೇ ನಿಂತರೆ ಮೂರು ಎಳೆಗಳೂ ಬಿಡಿಬಿಡಿಯಾಗಿವೆ ಎಂದರ್ಥ.

ಈಗ ಅದೇ ಹುಡುಗಿಗೆ ಬೇರೆ ಪ್ರಶ್ನೆ ಕೇಳಬೇಕು. ಕೊಳದ ಬಗ್ಗೆ ನಿನಗೆ ಗೊತ್ತಿರುವ ಯಾವ ವಿಷಯ ನಿನ್ನ ತರಗತಿಯ ಬೇರೆ ಯಾರಿಗೂ ಗೊತ್ತಿಲ್ಲ? ಅವಳು ಸ್ವಲ್ಪ ಯೋಚಿಸಿ ಹೇಳುತ್ತಾಳೆ: ಭಾನುವಾರ ಸಂಜೆ ಕೊಳ ಗಬ್ಬು ವಾಸನೆ ಹೊಡೆಯುತ್ತದೆ, ಕೆಮ್ಮು ಬರುತ್ತದೆ, ಮಂಗಳವಾರ ಬೆಳಿಗ್ಗೆ ಹಾಗಿರುವುದಿಲ್ಲ, ಎಲ್ಲರೂ ಕ್ಲೋರಿನ್ ಜಾಸ್ತಿ ಹಾಕಿದ್ದಾರೆ ಅನ್ನುತ್ತಾರೆ, ಆದರೆ ಅದು ತಪ್ಪು.

ಹೌದು, ಅದು ತಪ್ಪು. ಈಜುಕೊಳದ ಕಟು ವಾಸನೆ ಬರುವುದು ಮುಖ್ಯವಾಗಿ ಶುದ್ಧ ಕ್ಲೋರಿನ್‌ನಿಂದಲ್ಲ. ಜನರ ಬೆವರು, ಮೂತ್ರದಲ್ಲಿರುವ ಸಾರಜನಕದ ಅಂಶಗಳ ಜೊತೆ ಕ್ಲೋರಿನ್ ಕೂಡಿಕೊಂಡಾಗ ಕ್ಲೋರಮಿನ್‌ಗಳು ಹುಟ್ಟುತ್ತವೆ. ಕಣ್ಣು ಉರಿಸುವುದೂ ಕೆಮ್ಮು ಬರಿಸುವುದೂ ಅವೇ. ಹೀಗೆ ಕೂಡಿಕೊಂಡ ಕ್ಲೋರಿನ್‌ಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯೂ ಕಡಿಮೆ. ರಜಾದಿನ ಜನ ತುಂಬಿದ ಕೊಳದಲ್ಲಿ ವಾಸನೆ ಹೆಚ್ಚುವುದು ಅದಕ್ಕೇ. ಕೊಳ ನೋಡಿಕೊಳ್ಳುವವರ ಹತ್ತಿರ ಇದನ್ನು ಅಳೆಯುವ ಚಿಕ್ಕ ಪೆಟ್ಟಿಗೆ ಇರುತ್ತದೆ. ನೀರಿಗೆ ಡಿಪಿಡಿ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಮೊದಲ ಮಾತ್ರೆ ಬಿಡಿ ಕ್ಲೋರಿನ್ ತೋರಿಸುತ್ತದೆ, ಮೂರನೇ ನಂಬರಿನ ಮಾತ್ರೆಯನ್ನೂ ಸೇರಿಸಿದರೆ ಒಟ್ಟು ಕ್ಲೋರಿನ್. ಒಟ್ಟಿನಿಂದ ಬಿಡಿಯನ್ನು ಕಳೆದರೆ ಉಳಿಯುವುದೇ ಕೂಡಿಕೊಂಡ ಕ್ಲೋರಿನ್. ಅಮೆರಿಕದ ಮಾದರಿ ಸಂಹಿತೆಯ ಪ್ರಕಾರ ಇದು ಲೀಟರಿಗೆ 0.4 ಮಿಲಿಗ್ರಾಂ ಮೀರಿದರೆ ಕ್ರಮ ಕೈಗೊಳ್ಳಬೇಕು.

ನಮ್ಮ ಹುಡುಗಿ ಕೊಳದ ಅಣ್ಣನನ್ನು ಕೇಳಿ ಆ ಪೆಟ್ಟಿಗೆ ತೆಗೆದುಕೊಂಡು ಆರು ವಾರ ಬರೆದಿಟ್ಟಳು ಎನ್ನೋಣ. ವಾರದ ದಿನ ಬೆಳಿಗ್ಗೆ 0.3ರ ಆಸುಪಾಸು, ಭಾನುವಾರ ಸಂಜೆ 0.9. ಬಣ್ಣದ ಪಟ್ಟಿಗೆ ಹೋಲಿಸಿ ಓದುವ ಈ ವಿಧಾನ ಒರಟು ಎನ್ನಿಸಿ, ಕಾಲೇಜಿನ ಲ್ಯಾಬ್‌ನಲ್ಲಿ ಟೈಟ್ರೇಶನ್ ಮಾಡಿ ನಿಖರವಾಗಿ ಅಳೆಯಲು ಹೊರಟಳು. ಅಯೋಡಿನ್ ಬಿಡುಗಡೆ ಮಾಡಿಸಿ ಸೋಡಿಯಂ ಥಯೋಸಲ್ಫೇಟ್‌ನಿಂದ ಅಳೆಯುವ ಕ್ರಮ. ಒಂದೇ ನೀರಿಗೆ ಒಂದೊಂದು ಸಲ ಒಂದೊಂದು ಸಂಖ್ಯೆ ಬಂತು. ರಸಾಯನಶಾಸ್ತ್ರದ ಮೇಡಂ ಪುಸ್ತಕ ತೆಗೆದು ತೋರಿಸಿದರು: ಈ ಕ್ರಮ ನಂಬಿಕೆಗೆ ಬರುವುದು ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚಿದ್ದಾಗ. ಅವಳು ಅಳೆಯಲು ಹೊರಟಿದ್ದ ವ್ಯತ್ಯಾಸವೇ ಅದಕ್ಕಿಂತ ಚಿಕ್ಕದು. ಮತ್ತೆ ಮಾತ್ರೆಗೇ ಮರಳಿದಳು.

ಇಲ್ಲಿ ಓದಿನ ಗಂಭೀರತೆ ಎಂಬುದು ತನ್ನಷ್ಟಕ್ಕೆ ತಾನೇ ಬಂದುಬಿಟ್ಟಿದೆ. ತೊಂಬತ್ತು ಅಂಕ ಬಂತು ಎಂದು ಬರೆಯುವ ಅಗತ್ಯವಿಲ್ಲ, ಅದು ಅಂಕಪಟ್ಟಿಯಲ್ಲಿದೆ. ಒಂದು ಪ್ರಶ್ನೆ ಹುಟ್ಟಿತು, ಅದನ್ನು ಅಳೆದಳು, ಅಳತೆಯನ್ನೇ ಅನುಮಾನಿಸಿದಳು, ಇನ್ನೊಂದು ದಾರಿ ಹಿಡಿದಳು, ಅದು ಯಾಕೆ ಕೆಲಸ ಮಾಡಲಿಲ್ಲ ಎಂದು ತಿಳಿದುಕೊಂಡಳು. ಪ್ರಾಧ್ಯಾಪಕರು ಲ್ಯಾಬ್‌ನಲ್ಲಿ ತಮಗೆ ಬೇಕು ಎನ್ನುವ ವಿದ್ಯಾರ್ಥಿ ಇಂಥವಳೇ. ಪ್ರಬಂಧದ ಸುಮಾರು ಅರ್ಧ ಭಾಗ, 300 ಪದ, ಇದಕ್ಕೇ ಹೋದರೂ ನಷ್ಟವಿಲ್ಲ. ಕೊಳದಲ್ಲಿ ಅವಳು ಕಳೆದ ವರ್ಷಗಳೂ ಇದರೊಳಗೇ ಇವೆ: ವಾರದ ಆರು ಬೆಳಿಗ್ಗೆ ಆ ನೀರನ್ನು ಉಸಿರಾಡಿದವಳಿಗೆ ಮಾತ್ರ ಮಂಗಳವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಗೊತ್ತು.

ಎರಡನೇ ಎಳೆ ಸಮಯದ್ದು, ಇದು ಇನ್ನೂ ಕಷ್ಟ. ಎರಡು ದೋಣಿಯ ಮೇಲೆ ಕಾಲಿಟ್ಟವರೆಲ್ಲ ಸರಿದೂಗಿಸಿದೆ ಎನ್ನುತ್ತಾರೆ. ಓದುವವರಿಗೆ ನಂಬಿಕೆ ಬರುವುದು ಏನನ್ನು ಬಿಟ್ಟೆ ಎಂದು ಹೇಳಿದಾಗ. ಈ ಹುಡುಗಿಗೆ ಪ್ರಥಮ ಪಿಯುಸಿಯಲ್ಲಿ ಗಣಿತದ ಅಂಕ ಜಾರಿತು, ರಾಷ್ಟ್ರೀಯ ಕೂಟದ ಶಿಬಿರದಲ್ಲಿ ಪಾಠಗಳು ತಪ್ಪಿದ್ದವು. ಅಂಕಪಟ್ಟಿಯಲ್ಲಿ ಆ ಇಳಿಕೆ ಹೇಗೂ ಕಾಣುತ್ತದೆ. ಪ್ರಬಂಧ ಅದರ ಬಗ್ಗೆ ಸುಮ್ಮನಿದ್ದರೆ ಓದುವವರು ತಮಗೆ ತೋಚಿದ ಕಾರಣ ಊಹಿಸಿಕೊಳ್ಳುತ್ತಾರೆ. ಅವಳು ಮಾಡಿದ್ದು ಇಷ್ಟು: ಮುಂದಿನ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾರದಲ್ಲಿ ಎರಡು ಬೆಳಗಿನ ಸೆಷನ್ ಬಿಡಲು ಕೋಚ್ ಬಳಿ ಕೇಳಿದಳು. “ಬಿಡಮ್ಮಾ, ಆದ್ರೆ ರಿಲೇ ಟೀಮ್‌ನಲ್ಲಿ ನಿನ್ನ ಜಾಗ ಇಟ್ಕೊಂಡಿರಕ್ಕಾಗಲ್ಲ” ಎಂದರು ಕೋಚ್. ಜಾಗ ಹೋಯಿತು. ಗಣಿತ ಮೇಲೆ ಬಂತು. ರಿಲೇಯಲ್ಲಿ ಬೇರೆ ಹುಡುಗಿ ಈಜುವುದನ್ನು ದಂಡೆಯ ಮೇಲೆ ನಿಂತು ನೋಡಿದಳು.

ಇದನ್ನು ಬರೆದರೆ ಕೋಚ್ ಹೆದರುವುದಿಲ್ಲವೇ, ಈಜಿಗೆ ಬದ್ಧತೆ ಕಡಿಮೆ ಎಂದುಕೊಳ್ಳುವುದಿಲ್ಲವೇ ಎಂದು ಪೋಷಕರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಅಮೆರಿಕದ ಕೋಚ್‌ಗೂ ಓದು ಕೈಕೊಟ್ಟ ಈಜುಗಾರ್ತಿ ದೊಡ್ಡ ತಲೆನೋವು. ಮೊದಲ ಡಿವಿಷನ್‌ಗೆ ಬರಲು 9ರಿಂದ 12ನೇ ತರಗತಿವರೆಗಿನ ಹದಿನಾರು ಮುಖ್ಯ ವಿಷಯಗಳಲ್ಲಿ ನಾಲ್ಕರ ಅಳತೆಯಲ್ಲಿ 2.3 ಸರಾಸರಿ ಬೇಕು. (ನಮ್ಮಲ್ಲಿ ಒಂಬತ್ತನೇ ತರಗತಿಯ ಅಂಕ ಯಾರೂ ನೋಡುವುದಿಲ್ಲ ಎಂದು ಕೈಬಿಡುವ ಮಕ್ಕಳು ಇದನ್ನು ಮೊದಲೇ ತಿಳಿದಿರಬೇಕು.) ಕಾಲೇಜು ಸೇರಿದ ಮೇಲೆ ಎರಡನೇ ವರ್ಷದ ಕೊನೆಗೆ ಪದವಿಯ 40 ಶೇಕಡ, ಮೂರನೇ ವರ್ಷಕ್ಕೆ 60, ನಾಲ್ಕನೆಯದಕ್ಕೆ 80 ಮುಗಿದಿರಬೇಕು, ಇಲ್ಲವಾದರೆ ಸ್ಪರ್ಧೆಗೆ ಇಳಿಯುವಂತಿಲ್ಲ. ಯಾವಾಗ ಹಿಂದೆ ಸರಿಯಬೇಕು ಎಂದು ಹದಿನೇಳನೇ ವಯಸ್ಸಿಗೇ ತಿಳಿದು, ಕದ್ದುಮುಚ್ಚದೆ ಕೋಚ್ ಮುಂದೆ ಹೋಗಿ ಕೇಳಿದವಳ ಮೇಲೆ ಆ ಕೋಚ್‌ಗೆ ಭರವಸೆ ಹುಟ್ಟುತ್ತದೆ.

ಗಂಟೆಗಳ ಲೆಕ್ಕದಲ್ಲಿ ಉತ್ಪ್ರೇಕ್ಷೆ ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ವಾರಕ್ಕೆ 35 ಗಂಟೆ ಅಭ್ಯಾಸ ಎಂದು ಬರೆದ ಅರ್ಜಿಯಲ್ಲೇ ಐದು ಬೇರೆ ಚಟುವಟಿಕೆಗಳಿಗೆ ತಲಾ ಎಂಟು ಗಂಟೆ ಎಂದಿರುತ್ತದೆ. ಅದರ ಜೊತೆ ಕಾಲೇಜಿನ ಮೂವತ್ತು ಗಂಟೆ ಕೂಡಿದರೆ ನೂರಾ ಐದು. ನಿದ್ದೆಗೆ ದಿನಕ್ಕೆ ಏಳು ಗಂಟೆ ಇಟ್ಟರೆ ಉಳಿಯುವುದು ವಾರಕ್ಕೆ ಹದಿನಾಲ್ಕು ಗಂಟೆ, ಊಟ ಸ್ನಾನ ಬಸ್ಸು ಮನೆಪಾಠ ಎಲ್ಲ ಅದರಲ್ಲೇ. ಓದುವವರು ಬೆರಳಲ್ಲಿ ಎಣಿಸಿ ನೋಡುತ್ತಾರೆ. ಕೋಚ್ ಬರೆದ ಶಿಫಾರಸು ಪತ್ರದಲ್ಲಿ ವಾರಕ್ಕೆ ಹತ್ತು ಸೆಷನ್ ಎಂದಿದ್ದು ಹುಡುಗಿಯ ಅರ್ಜಿಯಲ್ಲಿ ಹದಿನೈದು ಎಂದಿದ್ದರೆ ಇಡೀ ಅರ್ಜಿಯ ಮೇಲೆ ಅನುಮಾನ ಬೀಳುತ್ತದೆ. 22 ಗಂಟೆ ಸಾಕು, ಅದು ನಿಜವಾದದ್ದು. ಎನ್‌ಸಿಎಎ ನಿಯಮವೇ ಕಾಲೇಜು ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕು ಗಂಟೆ ಮೀರುವಂತಿಲ್ಲ, ವಾರಕ್ಕೊಂದು ದಿನ ಬಿಡುವು ಇರಬೇಕು ಎನ್ನುತ್ತದೆ. ಆದರೆ ಪ್ರಯಾಣ, ಗಾಯಕ್ಕೆ ಚಿಕಿತ್ಸೆ, “ಸ್ವಇಚ್ಛೆಯ” ಅಭ್ಯಾಸ ಆ ಇಪ್ಪತ್ತರೊಳಗೆ ಸೇರುವುದಿಲ್ಲ. ಒಂದು ಕೂಟ ದಿನವಿಡೀ ನಡೆದರೂ ಲೆಕ್ಕಕ್ಕೆ ಮೂರು ಗಂಟೆ. ಹಾಗಾಗಿ ಮೊದಲ ಡಿವಿಷನ್ನಿನ ಕ್ರೀಡಾಪಟುಗಳು ತಾವೇ ಕೊಡುವ ಲೆಕ್ಕ ವಾರಕ್ಕೆ ಮೂವತ್ತು ಗಂಟೆ ದಾಟುತ್ತದೆ. ಅಲ್ಲಿ ಹೋಗುವ ಹುಡುಗಿ ಇಲ್ಲಿಂದಲೇ ಈ ವ್ಯತ್ಯಾಸ ತಿಳಿದು ಹೋಗುವುದು ಒಳ್ಳೆಯದು.

ಮೂರನೇ ಎಳೆ, ಈಜು ಮುಗಿದ ಮೇಲಿನ ಬದುಕು. ಕಾಲೇಜು ಫುಟ್‌ಬಾಲ್, ಪುರುಷರ ಬಾಸ್ಕೆಟ್‌ಬಾಲ್ ಆಡುವವರಲ್ಲಿ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ತಲುಪುವವರು ಎನ್‌ಸಿಎಎ ಲೆಕ್ಕದಲ್ಲೇ ನೂರಕ್ಕೆ ಇಬ್ಬರೂ ಇಲ್ಲ. ಈಜಿನಲ್ಲಿ ಅಂಥ ಲೀಗ್ ಕೂಡ ಇಲ್ಲ. ಆದ್ದರಿಂದ ಯೋಜನೆ ಕೇಳುವುದು ಶಿಷ್ಟಾಚಾರಕ್ಕಲ್ಲ. ಆದರೂ ಮಕ್ಕಳು ಇದನ್ನು ಎರಡು ರೀತಿಯಲ್ಲಿ ಕೆಡಿಸುತ್ತಾರೆ. ಕೆಲವರು ಒಲಿಂಪಿಕ್ಸ್ ಬಿಟ್ಟು ಬೇರೇನೂ ಬರೆಯುವುದಿಲ್ಲ. ಇನ್ನು ಕೆಲವರು ಈಜನ್ನು ಸೀಟು ಸಿಗುವವರೆಗಿನ ಏಣಿ ಎಂಬಂತೆ ಬರೆದುಬಿಡುತ್ತಾರೆ.

ಈ ಎರಡರ ನಡುವಿನ ದಾರಿಯನ್ನು ಬದುಕಿ ತೋರಿಸಿದವರಿದ್ದಾರೆ. ಬೆಂಗಳೂರಿನ ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಎರಡು ಸ್ಪರ್ಧೆಗಳಲ್ಲಿ ಈಜಿದವರು. ನಂತರ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಸ್ನಾತಕೋತ್ತರ ಪದವಿ ಮಾಡಿ, ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದರು. ಅಥ್ಲೀಟ್ ಆಗಿ ಪರೀಕ್ಷೆಗೆ ಮಾದರಿ ಕೊಟ್ಟವರಿಗೂ ಕೊಡದವರಿಗೂ ಆ ಕೆಲಸದ ಅರಿವಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಕ್ರೀಡೆ ಮತ್ತು ಪ್ರಯೋಗಾಲಯ ಒಂದೇ ಕಡೆ ಸೇರಿದ ವೃತ್ತಿ ಅದು. ದೆಹಲಿಯ ತೇಜಸ್ವಿನ್ ಶಂಕರ್ ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 2018ರಲ್ಲೂ 2022ರಲ್ಲೂ ಎನ್‌ಸಿಎಎ ಎತ್ತರ ಜಿಗಿತದ ಪ್ರಶಸ್ತಿ ಗೆದ್ದರು, ಡೆಲಾಯ್ಟ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು, 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ತಂದರು. ಕೆಲಸವೂ ಜಿಗಿತವೂ ಒಂದರ ಕಾಲಿಗೆ ಒಂದು ಅಡ್ಡ ಬರಲೇಬೇಕೆಂದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಫ್ಲಾರಿಡಾ ಸ್ಟೇಟ್‌ನ ಫುಟ್‌ಬಾಲ್ ಆಟಗಾರ ಮೈರಾನ್ ರೋಲ್ ಅವರ ಕಥೆ ಇನ್ನೂ ತೀಕ್ಷ್ಣ. 2008ರ ನವೆಂಬರ್ 22ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರಿಗೆ ರೋಡ್ಸ್ ವಿದ್ಯಾರ್ಥಿವೇತನದ ಸಂದರ್ಶನ, ಅದೇ ರಾತ್ರಿ ಮೇರಿಲ್ಯಾಂಡ್‌ನಲ್ಲಿ ತಂಡದ ಪಂದ್ಯ. ಸಂದರ್ಶನ ಮುಗಿಸಿ, ಆಯ್ಕೆಯಾದ ಸುದ್ದಿ ಹೊತ್ತು ವಿಮಾನ ಹತ್ತಿ, ತಡವಾಗಿ ತಲುಪಿ ಆಟಕ್ಕಿಳಿದರು. ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ ಮಾನವಶಾಸ್ತ್ರ ಓದಲು ಒಂದು ಋತು ಆಟ ಬಿಟ್ಟರು. 2010ರಲ್ಲಿ ಟೆನೆಸ್ಸಿ ಟೈಟನ್ಸ್ ಅವರನ್ನು ಆರನೇ ಸುತ್ತಿನಲ್ಲಿ ಆರಿಸಿತು. ಎನ್‌ಎಫ್‌ಎಲ್‌ನ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಿಲ್ಲ. ವೈದ್ಯಕೀಯ ಓದಿ ನರಶಸ್ತ್ರಚಿಕಿತ್ಸಕರಾದರು. ಆ ಯೋಜನೆ ಆಟ ಕೈತಪ್ಪಿದ ಮೇಲೆ ಹುಡುಕಿಕೊಂಡದ್ದಲ್ಲ, ಆಡುತ್ತಿರುವಾಗಲೇ ಅವರು ಹೇಳುತ್ತಿದ್ದದ್ದು. ಪ್ರಬಂಧದಲ್ಲಿ ಕಾಣಬೇಕಾದದ್ದೂ ಇದೇ: ಯೋಜನೆ ಇವತ್ತಿನ ಕೆಲಸದಲ್ಲೇ ಬೇರು ಬಿಟ್ಟಿರಬೇಕು.

ನಮ್ಮ ಹುಡುಗಿಯ ಕೈಯಲ್ಲಿ ಆ ಬೇರು ಈಗಾಗಲೇ ಇದೆ. ಕೊಳದ ಕ್ಲೋರಿನ್‌ನಿಂದ ಕುಡಿಯುವ ನೀರಿನ ಕ್ಲೋರಿನ್‌ಗೆ ಒಂದೇ ಹೆಜ್ಜೆ. ನಗರದ ಕೊಳಾಯಿಯಲ್ಲಿ ಕೊನೆಯ ಮನೆ ತಲುಪುವ ಹೊತ್ತಿಗೆ ಬಿಡಿ ಕ್ಲೋರಿನ್ ಉಳಿದಿರಬೇಕು, ಇಲ್ಲದಿದ್ದರೆ ನಡುದಾರಿಯಲ್ಲಿ ಸೇರಿದ ರೋಗಾಣುವನ್ನು ತಡೆಯುವವರಿಲ್ಲ. ಅವಳ ಕೊನೆಯ ಪ್ಯಾರಾ ಹೀಗಿರಬಹುದು: “ನಮ್ಮ ಬೀದಿಯ ಮೊದಲ ನಲ್ಲಿಯಲ್ಲೂ ಕೊನೆಯ ನಲ್ಲಿಯಲ್ಲೂ ಅದೇ ಮಾತ್ರೆ ಹಾಕಿ ನೋಡಿದೆ. ಮೊದಲನೆಯದರಲ್ಲಿ ನೀರು ತಿಳಿ ಗುಲಾಬಿಯಾಯಿತು, ಕೊನೆಯದರಲ್ಲಿ ಬಣ್ಣವೇ ಬರಲಿಲ್ಲ. ಎರಡು ನಲ್ಲಿಗಳಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂದು ನನಗೆ ಗೊತ್ತು. ಪರಿಸರ ಎಂಜಿನಿಯರಿಂಗ್ ಓದಿ, ಈ ನಡುವೆ ಏನಾಗುತ್ತದೆ ಎಂದು ಅಳೆಯುವುದನ್ನು ಕಲಿಯಬೇಕೆಂದಿದ್ದೇನೆ. ನಾಲ್ಕು ವರ್ಷ 200 ಮೀಟರ್ ಬಟರ್‌ಫ್ಲೈ ಈಜುತ್ತಲೇ.” ಈಗ ಎಂಜಿನಿಯರ್ ತೆಗೆದು ವೈದ್ಯೆ ಎಂದು ಹಾಕಿದರೆ ಇಡೀ ಪ್ರಬಂಧ ಬಿದ್ದುಹೋಗುತ್ತದೆ. ಕೊನೆಯ ಚಿಕ್ಕ ವಾಕ್ಯ ಕೋಚ್‌ಗಾಗಿ. ಅದು ಭರವಸೆಯ ಮಾತು, ಅದನ್ನು ಮನಸ್ಸಿಲ್ಲದೆ ಬರೆಯಬಾರದು.

ಪ್ರಬಂಧಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ತಂಡದ ಅಗತ್ಯಕ್ಕಿಂತ ಐದು ಸೆಕೆಂಡು ನಿಧಾನವಾದ ಈಜನ್ನು ಯಾವ ಪ್ರಬಂಧವೂ ಸರಿಪಡಿಸುವುದಿಲ್ಲ. ಇತರರಿಂದ ಬರೆಸಿದ ಪ್ರಬಂಧ ಹೆಚ್ಚು ದಿನ ನಿಲ್ಲುವುದಿಲ್ಲ: ಅರ್ಜಿ ಕಳುಹಿಸುವಾಗ ಇದು ನನ್ನದೇ ಎಂದು ಸಹಿ ಮಾಡಬೇಕು, ಆಮೇಲೆ ಕೋಚ್ ಜೊತೆ ವಿಡಿಯೊ ಕರೆಯಲ್ಲಿ ಆ ಕ್ಲೋರಮಿನ್ ಬಗ್ಗೆ ಹೇಳಮ್ಮ ಎಂದರೆ ಉತ್ತರಿಸಬೇಕಾದವಳು ಅವಳೇ. ದುಬಾರಿ ಶುಲ್ಕ ತೆಗೆದುಕೊಂಡು ಪ್ರಬಂಧವನ್ನು ಹೊಳಪು ಮಾಡಿಕೊಡುವವರು ಸಾಮಾನ್ಯವಾಗಿ ಮೊದಲು ಅಳಿಸುವುದು ಟೈಟ್ರೇಶನ್ ಸೋತ ಭಾಗವನ್ನು. ಆ ಭಾಗ ಉಳಿಯಬೇಕು. ಭಾಷೆಯ ತಪ್ಪುಗಳನ್ನು ಶಿಕ್ಷಕರೊಬ್ಬರು ತೋರಿಸಿಕೊಟ್ಟರೆ ಸಾಕು.

ಪುಟದ ಮೇಲೆ ಬರೆದ ಯೋಜನೆ ಕಾಲೇಜಿನಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾತ್ರ ಅರ್ಜಿ ಕಳುಹಿಸುವ ಮೊದಲೇ ಕೇಳಿ ತಿಳಿಯಬೇಕು. ಅಮೆರಿಕದಲ್ಲಿ ಎಂಜಿನಿಯರಿಂಗ್, ಜೀವಶಾಸ್ತ್ರದ ಲ್ಯಾಬ್‌ಗಳು ಹೆಚ್ಚಾಗಿ ಮಧ್ಯಾಹ್ನ, ಈಜು ತಂಡಗಳ ಎರಡನೇ ಅಭ್ಯಾಸವೂ ಹೆಚ್ಚಾಗಿ ಮಧ್ಯಾಹ್ನ. ಇಷ್ಟಪಟ್ಟ ವಿಷಯ ಬಿಟ್ಟು ಅಭ್ಯಾಸಕ್ಕೆ ಹೊಂದುವ ವಿಷಯ ಆರಿಸಿಕೊಳ್ಳುವ ಕ್ರೀಡಾಪಟುಗಳು ಅಲ್ಲಿ ಕಡಿಮೆಯಿಲ್ಲ. ಮೂರನೇ ವರ್ಷದ ಹೊತ್ತಿಗೆ ಮುಖ್ಯ ವಿಷಯ ಘೋಷಿಸಿರಬೇಕು, ಆಮೇಲೆ ಬದಲಿಸಿದರೆ ಹಿಂದೆ ಹೇಳಿದ ಶೇಕಡದ ಲೆಕ್ಕ ತಪ್ಪಿ ಸ್ಪರ್ಧೆಯ ಅರ್ಹತೆಗೇ ಕುತ್ತು ಬರಬಹುದು. ಅದಕ್ಕೇ ಕೋಚ್ ಜೊತೆಗಿನ ಮೊದಲ ಮಾತುಕತೆಯಲ್ಲೇ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಈಗಿನ ನಿಮ್ಮ ತಂಡದಲ್ಲಿ ಎಂಜಿನಿಯರಿಂಗ್ ಓದುವವರು ಎಷ್ಟು ಮಂದಿ? ಮಂಗಳವಾರ ಮಧ್ಯಾಹ್ನ ಎರಡಕ್ಕೆ ಲ್ಯಾಬ್ ಇದ್ದವರು ಆ ದಿನ ಯಾವಾಗ ಈಜುತ್ತಾರೆ? ಸಂಖ್ಯೆ ಹೇಳಿ, ಬೆಳಗಿನ ಬದಲಿ ಸೆಷನ್ ವಿವರಿಸಿ, ಆ ವಿದ್ಯಾರ್ಥಿಗಳಲ್ಲೊಬ್ಬರ ಜೊತೆ ಮಾತಾಡಿಸುವ ಕೋಚ್ ಇರುತ್ತಾರೆ. “ಅದೆಲ್ಲ ಆಮೇಲೆ ನೋಡೋಣ” ಎನ್ನುವವರೂ ಇರುತ್ತಾರೆ. ಎರಡನೆಯವರು ಹೆಚ್ಚು ದುಡ್ಡು ಕೊಡುತ್ತೇನೆಂದರೂ ಮೊದಲನೆಯವರ ತಂಡಕ್ಕೆ ಹೋಗುವುದು ಮೇಲು, ಏಕೆಂದರೆ ಆ 650 ಪದಗಳಲ್ಲಿ ಬರೆದದ್ದು ನಡೆಯುವುದು ಅಲ್ಲಿ.